2015ರ ಕ್ಯಾಲೆಂಡರ್ 2026ಕ್ಕೆ ನಡೆಯುತ್ತಾ?

ಶಹಾಬಜಾರ್ ಅಂಗಡಿ, ಕಲಬುರಗಿ: ಅಂಗಡಿ ಸ್ವಚ್ಛ ಮಾಡುವಾಗ 2015ರ ಗೋಡೆ ಕ್ಯಾಲೆಂಡರ್ ಸಿಕ್ಕಿತು. 2026ಕ್ಕೆ ವಾರ, ತಾರೀಖು ಎಲ್ಲಾ ಹೊಂದುತ್ತಾ? ಹಾಗೆ ಹೊಂದುವ ಬೇರೆ ವರ್ಷ ಹುಡುಕೋದು ಹೇಗೆ?

ಯಾದಗಿರಿ ಹುಡುಗ: ಹೊಂದುತ್ತೆ ಅಣ್ಣ. 6 ವರ್ಷಕ್ಕೊಮ್ಮೆ ತಿರುಗಿ ಬರುತ್ತೆ, 2032ಕ್ಕೂ ಇದನ್ನೇ ಹಾಕಿ. ಫೋನಿನಲ್ಲಿ ನೋಡಿದೆ, 2026, 2032 ಎರಡರಲ್ಲೂ ಜನವರಿ 1 ಗುರುವಾರ.

ಬೀದರ್ ಮೇಷ್ಟ್ರು: ಮಾರ್ಚ್ 1 ಕೂಡ ನೋಡು ತಮ್ಮಾ. 2026ರಲ್ಲಿ ರವಿವಾರ, 2032ರಲ್ಲಿ ಸೋಮವಾರ. 2032ಕ್ಕೆ ಫೆಬ್ರುವರಿ 29 ಇದೆ, ಅಲ್ಲಿಂದ ತಪ್ಪುತ್ತೆ. ಜನವರಿ 1ರ ವಾರವೂ ಒಂದೇ ಇರಬೇಕು, ಎರಡೂ ಅಧಿಕ ವರ್ಷ ಇರಬೇಕು ಇಲ್ಲಾ ಎರಡೂ ಆಗಿರಬಾರದು.

365 ದಿನ ಅಂದ್ರೆ 52 ವಾರ ಮತ್ತು 1 ದಿನ. ಹಾಗಾಗಿ ಪ್ರತಿ ವರ್ಷ ವಾರ ಒಂದು ಮುಂದೆ ಹೋಗುತ್ತೆ, ಅಧಿಕ ವರ್ಷ ದಾಟಿದರೆ ಎರಡು. 2015ರಿಂದ 2026ಕ್ಕೆ 11 ವರ್ಷ, ನಡುವೆ 2016, 2020, 2024 ಮೂರು ಅಧಿಕ ವರ್ಷ. 11 ಮತ್ತು 3 ಸೇರಿ 14, ಸರಿಯಾಗಿ ಎರಡು ವಾರ. ಅದಕ್ಕೇ ನಿಮ್ಮ ಕ್ಯಾಲೆಂಡರ್ ಪೂರ್ತಿ ನಡೆಯುತ್ತೆ.

ಮುಂದಿನದು ಬೇಕಾದ್ರೆ ವರ್ಷವನ್ನು 4ರಿಂದ ಭಾಗಿಸಿ. ಶೇಷ 1 ಬಂದರೆ 6 ಕೂಡಿಸಿ, 2 ಅಥವಾ 3 ಬಂದರೆ 11, ಶೇಷ ಇಲ್ಲದಿದ್ದರೆ 28. 2026ಕ್ಕೆ ಶೇಷ 2, ಅಂದ್ರೆ 2037. ಅದರ ಶೇಷ 1, ಮುಂದೆ 2043. ಹಿಂದಕ್ಕೆ ಹೋದರೆ 2015, 2009, 1998.

ಆಳಂದ ಅಕ್ಕ: ಹಾಗಾದ್ರೆ ಯುಗಾದಿಯೂ ಅದೇ ದಿನ ಬರುತ್ತಾ? ನಾವು ಊರಿಗೆ ಹೋಗಲು ಮೊದಲೇ ರಜೆ ಕೇಳಬೇಕು.

ಬೀದರ್ ಮೇಷ್ಟ್ರು: ಇಲ್ಲ ಅಕ್ಕಾ. 2015ರಲ್ಲಿ ಯುಗಾದಿ ಮಾರ್ಚ್ 21, 2026ರಲ್ಲಿ ಮಾರ್ಚ್ 19. ಅದು ಚಂದ್ರನ ಲೆಕ್ಕ. ಬಂದೇನವಾಜ್ ಉರುಸೂ ಹಾಗೇ, ಹಿಜರಿ ತಿಂಗಳು ನೋಡಬೇಕು. ಹಳೇ ಕ್ಯಾಲೆಂಡರಿನಲ್ಲಿ ಅಚ್ಚಾದ ತಿಥಿ, ಹಬ್ಬ ನಂಬಬೇಡಿ.

ಸೇಡಂ ರಸ್ತೆ: ನಮ್ಮ ಭಾಗ ವಿಮೋಚನೆಯಾದ 1948ರ ಸೆಪ್ಟೆಂಬರ್ 17 ಶುಕ್ರವಾರ. ಅದೇ ಕ್ಯಾಲೆಂಡರ್ ಮತ್ತೆ ಯಾವಾಗ?

ಯಾದಗಿರಿ ಹುಡುಗ: 1948 ಅಧಿಕ ವರ್ಷ, 28 ಕೂಡಿಸ್ತಾ ಹೋದ್ರೆ 1976, 2004, 2032! ಸುಮ್ನೆ ಕೂಡಿಸ್ತಾ ಹೋಗೋದೇ, ಅಲ್ವಾ ಸರ್?

ಬೀದರ್ ಮೇಷ್ಟ್ರು: 2100ರ ತನಕ ಮಾತ್ರ. ಆ ವರ್ಷ ಅಧಿಕ ಅಲ್ಲ, ಅದನ್ನು ದಾಟುವಾಗ ಲೆಕ್ಕ ತಪ್ಪುತ್ತೆ. 2096ರ ಕ್ಯಾಲೆಂಡರ್ 28ಕ್ಕೆ ಬದಲು 12 ವರ್ಷಕ್ಕೇ, 2108ರಲ್ಲಿ ಬರುತ್ತೆ.

ಶಹಾಬಜಾರ್ ಅಂಗಡಿ: ಉದ್ರಿ ವಾಯಿದೆ ನೋಡಲು ವಾರ, ತಾರೀಖು ಸಾಕು, ನಾನು ತೂಗುಹಾಕ್ತೀನಿ.

ಆಳಂದ ಅಕ್ಕ: ಬೇಡಣ್ಣಾ, ಗಿರಾಕಿಗಳು ಅಮಾವಾಸ್ಯೆಯನ್ನೂ ಅದರಲ್ಲೇ ನೋಡ್ತಾರೆ.