ಕೋಡಿಹಳ್ಳಿಯಲ್ಲೊಂದು ಸೈಟು

ಭಾನುವಾರದ ಇಡ್ಲಿ ಸಭೆಗೆ ಮೂರ್ತಿ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದ. ಅವನು ಬಸವನಗುಡಿಯಲ್ಲೇ ಹುಟ್ಟಿ ಬ್ಯಾಂಕಿನಲ್ಲೇ ಬೆಳೆದವನು. ಸುಮ್ನೆ ಸಿಹಿ ಹಂಚುವ ಪೈಕಿ ಅಲ್ಲ.

"ಸೈಟು ತಗೊಂಡೆ. ಮೂವತ್ತು ನಲವತ್ತು, ಮೂಲೆ ಸೈಟು. ಬಡಾವಣೆ ಹೆಸರು ಲೇಕ್ ವ್ಯೂ. ಸದ್ಯಕ್ಕೆ ಐವತ್ತು ಸಾವಿರ ಅಡ್ವಾನ್ಸು."

"ಬಡಾವಣೆ ಇರಲಿ, ಊರು ಯಾವುದಪ್ಪ?" ಅಂದರು ಮೇಷ್ಟ್ರು.

"ಕೋಡಿಹಳ್ಳಿ."

ಯಾವ ಕೋಡಿಹಳ್ಳಿ ಅಂತ ನೀವು ಕೇಳಬೇಡಿ, ಕರ್ನಾಟಕದಲ್ಲಿ ಬೇಕಾದಷ್ಟಿವೆ. ಡಬ್ಬಿಯ ಕಡೆ ಹೊರಟಿದ್ದ ಗೌಡರ ಕೈ ಅರ್ಧದಲ್ಲೇ ನಿಂತಿತು. "ಅಲ್ಲಿ ಕೋಡಿ ಯಾವ ಕಡೆ ಬೀಳುತ್ತೆ ಮೂರ್ತಿ?"

"ಕೋಟಿ ಎಲ್ಲಿ ಬಂತು ಗೌಡ್ರೇ, ಲಕ್ಷದಲ್ಲೇ ಮುಗೀತು."

ಗೌಡರು ಮಂಡ್ಯದ ಕಡೆಯವರು. ಗದ್ದೆ ಬಯಲಲ್ಲಿ ಓಡಾಡಿ ಬೆಳೆದವರು. ಅವರಿಗೆ ಸಂಕಟವಾಯಿತು. ಮೂರ್ತಿಯ ತಟ್ಟೆಯನ್ನೇ ಎಳೆದುಕೊಂಡು, ಎರಡು ಇಡ್ಲಿಯನ್ನು ಮುರಿದು ಅಡ್ಡಡ್ಡ ಜೋಡಿಸಿದರು. ಒಂದು ಕಡೆ ಸಾಂಬಾರು ಸುರಿದರು.

"ಇದು ಕೆರೆ. ಇಡ್ಲಿ ಇದೆಯಲ್ಲ, ಇದು ಏರಿ. ನೀರು ಇಳಿದು ಹೋಗೋ ಕಡೆ ಅಡ್ಡ ಹಾಕಿರೋ ಮಣ್ಣಿನ ಗೋಡೆ. ಏರಿ ಕೆಳಗೆ ಒಂದು ತೂಬು ಇರುತ್ತೆ, ಗದ್ದೆಗೆ ಬೇಕಾದಾಗ ನೀರು ಬಿಡೋಕೆ. ಈಗ ಮಳೆ ಜಾಸ್ತಿ ಬಂತು ಅಂದ್ಕೋ." ಇನ್ನೊಂದು ಬಟ್ಟಲು ಸಾಂಬಾರು ಸುರಿದರು. "ನೀರು ಏರಿ ಹತ್ತಿ ಹರಿದರೆ ಏರಿಯೇ ಕೊಚ್ಚಿಹೋಗುತ್ತೆ. ಅದಕ್ಕೇ ಏರಿಯ ಒಂದು ತುದಿಯಲ್ಲಿ, ಏರಿಗಿಂತ ಸ್ವಲ್ಪ ತಗ್ಗಾಗಿ ಕಲ್ಲು ಕಟ್ಟಿ ಒಂದು ದಾರಿ ಬಿಟ್ಟಿರ್ತಾರೆ. ಅದೇ ಕೋಡಿ. ಕೆರೆ ತುಂಬಿದರೆ ಹೆಚ್ಚಿನ ನೀರು ಅಲ್ಲಿಂದ ಬಿದ್ದು, ಹಳ್ಳ ಹಿಡಿದು, ಕೆಳಗಿನ ಊರಿನ ಕೆರೆಗೆ ಹೋಗುತ್ತೆ. ಆ ಕೆರೆಯ ಕೋಡಿ ಅದರ ಕೆಳಗಿನ ಕೆರೆಗೆ."

ಸಾಂಬಾರು ಅಷ್ಟರಲ್ಲಿ ಇಡ್ಲಿ ದಾಟಿ ಮೂರ್ತಿಯ ಪ್ಯಾಂಟಿನ ಮೇಲೆ ಕೋಡಿ ಬಿದ್ದಿತ್ತು. ಸಪ್ಲೈಯರ್ ಹುಡುಗ ದೂರದಿಂದಲೇ ನೋಡಿ ಬಟ್ಟೆ ತರಲು ಹೋದ.

"ಅಂದ್ರೆ ನನ್ನ ಸೈಟು..."

"ಅವಸರ ಮಾಡಬೇಡ," ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರು, ಇಂಥ ಹೊತ್ತಿಗೇ ಕಾಯುತ್ತಿರುತ್ತಾರೆ. "ಬಡಾವಣೆ ಬೋರ್ಡು ಇಂಗ್ಲಿಷಿನಲ್ಲಿದೆಯೋ ಕನ್ನಡದಲ್ಲೋ?"

"ಇಂಗ್ಲಿಷಿನಲ್ಲಿ. Kodihalli."

"ಹಾಗಿದ್ರೆ ದೀರ್ಘ ಹೋಯಿತು. ಅದು ಕೋಡಿಯೋ ಕೊಡಿಯೋ ಹೇಗೆ ಹೇಳೋದು? ಬೆಂಗಳೂರಿನ ಕೊಡಿಗೇಹಳ್ಳಿ ನೋಡು. ಅದು ಕೊಡಿಗೆ, ಅಂದರೆ ದಾನವಾಗಿ ಕೊಟ್ಟ ಜಮೀನು. ಕೆರೆ ಕಟ್ಟಿದವನಿಗೂ ಹಿಂದೆ ಹೀಗೆ ಜಮೀನು ಬಿಡ್ತಿದ್ರು. ಒಂದು ದೀರ್ಘದಲ್ಲಿ ಬಹುಮಾನಕ್ಕೂ ಪ್ರವಾಹಕ್ಕೂ ಇರೋ ವ್ಯತ್ಯಾಸ ಇದೆ. ಮಡಿಕೇರಿಗೆ ಹೋಗಿ ಕೆರೆ ಹುಡುಕಿದ ಹಾಗೆ ಆಗಬಾರದು. ಅದು ಮುದ್ದುರಾಜನ ಕೇರಿ. ಕೇರಿ ಅಂದರೆ ಬೀದಿ."

"ದಾವಣಗೆರೆಯಲ್ಲಿ 'ಗೆರೆ' ಇದೆಯಲ್ಲ, ಅದೂ ಕೆರೆ ಅಲ್ವಾ?" ಅಂದೆ ನಾನು. ಸುಮ್ಮನೆ ಇರಬೇಕಿತ್ತು.

"ಹೌದಪ್ಪ, ಸಮಾಸದಲ್ಲಿ ಕಕಾರಕ್ಕೆ ಗಕಾರ ಬಂತು. ಆದೇಶ ಸಂಧಿ. ಹಳೆಯದು ಬೇಕಾದರೆ ಪುಲಿಗೆರೆ ನೋಡು. ಕವಿರಾಜಮಾರ್ಗದಲ್ಲೇ ಇದೆ. ತಿರುಳ್ಗನ್ನಡದ ನಾಡಿನ ನಾಲ್ಕು ಊರುಗಳಲ್ಲಿ ಅದೂ ಒಂದು. ಈಗಿನ ಲಕ್ಷ್ಮೇಶ್ವರ. ಆದರೆ ಅರಸೀಕೆರೆ, ತೂಬಿನಕೆರೆಯಲ್ಲಿ ಕಕಾರ ಹಾಗೇ ಉಳಿಯಿತು."

"ಪುಲಿ ಮುಂದ ಹುಲಿ ಆತು, ಪಳ್ಳ ಹಳ್ಳ ಆತು," ಪಾಟೀಲ ಬಾಯಿ ಹಾಕಿದ. ಅವನು ನವಲಗುಂದದ ಕಡೆಯವನು. ಹಳ್ಳದ ಮಾತು ಬಂದರೆ ಸುಮ್ಮನಿರುವವನಲ್ಲ. "ಪಳ್ಳಿ ಹಳ್ಳಿ ಆತು. ಇಂಗ್ಲಿಷಿನ್ಯಾಗ ಒಂದು ಎ, ಒಂದು ಐ, ಅಷ್ಟ ಫರಕು. ನಮ್ಮ ಕಡೆ ಬೆಣ್ಣಿಹಳ್ಳ ಐತಿ, ತುಪ್ಪರಿಹಳ್ಳ ಐತಿ. ಹೆಸರು ಕೇಳಿದ್ರ ರೊಟ್ಟಿ ಹಿಡ್ಕೊಂಡು ಹೋಗಬೇಕು ಅನಸ್ತದ. ಮಳಿ ಬಂದಾಗ ಹೋಗಿ ನೋಡು ಮಾರಾಯ. ಎರಿ ಹೊಲ ಪೂರ್ತಿ ನೀರಾಗ ಇರತಾವ."

"ಎರಿ ಅಂದ್ರೆ ಏರಿನಾ?" ಮೂರ್ತಿ ಪ್ಯಾಂಟು ಒರೆಸಿಕೊಳ್ಳುತ್ತ ಕೇಳಿದ.

"ಎರಿ ಅಂದ್ರ ಕರಿ ಮಣ್ಣೋ!"

ಇನ್ನೊಂದು ದೀರ್ಘ ಹೋಯಿತು ಅಂತ ಮೇಷ್ಟ್ರು ನಕ್ಕರು.

ಮೂರ್ತಿಗೆ ರೇಗಿತು. "ಹೆಸರು ನಂಬಿ ಭಯಪಡೋದಾದರೆ ಬೆಂಗಳೂರಿನಲ್ಲಿ ಯಾರೂ ಇರೋಕಾಗಲ್ಲ. ಜಕ್ಕಸಂದ್ರ, ಬೊಮ್ಮಸಂದ್ರ, ಸಿಂಗಸಂದ್ರದಲ್ಲಿ ಜನ ಇಲ್ವಾ?"

"ಇದ್ದಾರೆ. ಆ ಸಂದ್ರ ಏನು ಗೊತ್ತಾ? ಸಮುದ್ರ!" ಮೇಷ್ಟ್ರು ಮೇಜು ಕುಟ್ಟಿದರು. "ಮಂಗಳೂರಿನ ಸಮುದ್ರ ಸುಮಾರು 350 ಕಿಲೋಮೀಟರ್ ದೂರ. ಇದು ಊರಿನ ದೊಡ್ಡ ಕೆರೆ. ಕಟ್ಟಿದವರು ಜಂಬಕ್ಕೆ ಸಮುದ್ರ ಅಂದರು. ಹೊಯ್ಸಳರ ರಾಜಧಾನಿಗೇ ದೋರಸಮುದ್ರ ಅಂತ ಹೆಸರಿತ್ತು. ನಮ್ಮ ಬಾಯಲ್ಲಿ ಸಮುದ್ರ ಸವೆದು ಸಂದ್ರವಾಯಿತು."

"ಕೆರೆನೂ ಸವೀತು," ಅಂದರು ಗೌಡರು. "ಧರ್ಮಾಂಬುಧಿ ಕೆರೆಯಲ್ಲಿ ನಾವೇ ಎಷ್ಟು ಸಲ ಬಸ್ಸಿಗೆ ಕಾದಿಲ್ಲ? ಮೆಜೆಸ್ಟಿಕ್ ಬಸ್ ನಿಲ್ದಾಣ ಆ ಕೆರೆಯ ಜಾಗದಲ್ಲೇ ಇರೋದು."

ಮೂರ್ತಿ ಕೊನೆಯ ಅಸ್ತ್ರ ಬಿಟ್ಟ. "ಸರಿ, ಸೈಟು ಬಿಡ್ತೀನಿ. ಎಂ.ಎಂ. ಹಿಲ್ಸ್ ಬೆಟ್ಟದ ಹತ್ತಿರ ತೋಟ ಮಾಡ್ತೀನಿ. ಅಲ್ಲಿ ನೀರೂ ಇಲ್ಲ, ವ್ಯಾಕರಣವೂ ಇಲ್ಲ."

ಮೇಷ್ಟ್ರ ಮುಖ ಅರಳಿತು. ಮೂರ್ತಿಗೆ ತಪ್ಪು ತಡವಾಗಿ ಗೊತ್ತಾಯಿತು.

"ಮಲೆ ಅಂದರೆ ಬೆಟ್ಟ. ಮಲೆ ಮಹದೇಶ್ವರ ಬೆಟ್ಟ ಅಂದಾಗಲೇ ಎರಡು ಬೆಟ್ಟ ಆಯಿತು. ನೀನು ಹಿಲ್ಸ್ ಸೇರಿಸಿ ಮೂರು ಮಾಡಿದೆ. ಬಿಳಿಗಿರಿರಂಗನ ಬೆಟ್ಟವೂ ಹಾಗೇ, ಗಿರಿ ಒಂದು, ಬೆಟ್ಟ ಒಂದು. ಹಳೇ ಮಾತಿನ ಅರ್ಥ ಮಸುಕಾದಾಗ ಜನ ಅದರ ಬಾಲಕ್ಕೆ ಹೊಸ ಮಾತು ಕಟ್ತಾರೆ."

"ನಮ್ಮ ಕಡೆ ಈ ಗೋಳಿಲ್ಲ," ಅಂದ ಪಾಟೀಲ. "ಎಲ್ಲಮ್ಮನ ಗುಡ್ಡ. ಒಂದ ಗುಡ್ಡ, ಮುಗೀತು."

"ಗುಡ್ಡ ಅಂದ್ರೆ ಚಿಕ್ಕದು ಕಣಯ್ಯ, ಬೆಟ್ಟ ಅಂದ್ರೆ ದೊಡ್ಡದು," ಅಂದರು ಗೌಡರು.

"ಅದು ನಿಮ್ಮ ಮೈಸೂರು ಲೆಕ್ಕರಿ. ನಮಗ ಚಿಕ್ಕದೂ ಗುಡ್ಡನ, ದೊಡ್ಡದೂ ಗುಡ್ಡನ."

ಇದು ಪ್ರತಿ ತಿಂಗಳೂ ಬರುವ ಜಗಳ. ಅದನ್ನು ಅಲ್ಲಿಗೇ ಬಿಡುತ್ತೇನೆ.

ಎರಡನೇ ಕಾಫಿಯ ಹೊತ್ತಿಗೆ ಗೌಡರು ಕೆಲಸದ ಮಾತಿಗೆ ಬಂದರು. "ಹೆಸರು ಬರೀ ಸುಳಿವು ಮೂರ್ತಿ, ಸಾಕ್ಷಿ ಅಲ್ಲ. ಕುಂದಾಪುರದ ಹತ್ತಿರ ಕೋಡಿ ಅಂತ ಊರಿದೆ, ಅದಕ್ಕೂ ಕೆರೆಗೂ ಸಂಬಂಧ ಇಲ್ಲ. ಅದು ಹೊಳೆ ಕಡಲು ಸೇರೋ ಕಡೆ ಚಾಚಿರೋ ಮರಳಿನ ತುದಿ. ಅದಕ್ಕೇ ಗ್ರಾಮ ನಕ್ಷೆ ತೆಗೆಸು. ಕೆರೆ, ಹಳ್ಳ ಅದರಲ್ಲಿ ಗುರುತು ಹಾಕಿರ್ತಾರೆ. ನಿನ್ನ ಸರ್ವೆ ನಂಬರಿನ ಒಳಗೆ ಹಳ್ಳದ ಗೆರೆ ಬಂದಿದೆಯಾ ನೋಡು. ಆಮೇಲೆ ಪಹಣಿಯಲ್ಲಿ ಖರಾಬು ಅಂತ ಒಂದು ಕಡೆ ಇರುತ್ತೆ. 'ಬಿ' ಖರಾಬು ಅಂತ ಇದ್ದರೆ ಅದು ಹಳ್ಳ, ದಾರಿ ಥರ ಎಲ್ಲರಿಗೂ ಸೇರಿದ ಜಾಗ. ಮಾರೋ ಹಾಗಿಲ್ಲ. ಎಲ್ಲಾ ಆದಮೇಲೆ ಊರಿನ ಒಬ್ಬ ಮುದುಕನ್ನ ಹಿಡಿದು ಕೇಳು, ಹಿಂದೆ ಕೆರೆ ತುಂಬಿದಾಗ ನೀರು ಎಲ್ಲಿ ಹೋಯ್ತು ಅಂತ. ಈಗ ಕೆರೆ ಒಣಗಿದೆ, ಕೋಡಿಗೆ ಕೆಲಸ ಇಲ್ಲ. ಅದು ರಜೆಯಲ್ಲಿದೆ, ರಾಜೀನಾಮೆ ಕೊಟ್ಟಿಲ್ಲ."

ಮೂರ್ತಿ ಅಲ್ಲೇ ದಲ್ಲಾಳಿಗೆ ಫೋನು ಮಾಡಿ ಸ್ಪೀಕರ್ ಹಾಕಿದ. "ನಮ್ಮ ಸೈಟಿನ ಹತ್ತಿರ ಕೆರೆ ಕೋಡಿ ಏನಾದರೂ ಇದೆಯೇನ್ರಿ?"

"ಇಲ್ಲದೆ ಏನ್ ಸಾರ್? ಲೇಕ್ ವ್ಯೂ ಅಂತ ಸುಮ್ನೆ ಇಟ್ಟಿದೀವಾ? ಈಗ ಕೆರೆ ಅರ್ಧ ಕಿಲೋಮೀಟರ್ ದೂರ ಇದೆ. ಮಳೆ ಬಂದ್ರೆ ನಿಮ್ಮ ಗೇಟ್ ತನಕ ಅದೇ ಬರುತ್ತೆ!"

ಗೌಡರು ಮೈಸೂರು ಪಾಕಿನ ಡಬ್ಬಿಯನ್ನು ಮೆಲ್ಲಗೆ ಮುಚ್ಚಿ ಮೂರ್ತಿಯ ಕಡೆ ತಳ್ಳಿದರು.