ಪದಚರ್ಚೆ: ‘ಮದುವೆ ಅಡುಗೆ’ಯೋ ‘ಮದುವೆ ಊಟ’ವೋ? ಕ್ಯಾಟರಿಂಗ್ ಪುಟದ ತಲೆಬರಹಕ್ಕೆ ಪದ ಬೇಕು

ಸೊಪ್ಪಿನಬೆಟ್ಟ

ಎಲ್ಲರಿಗೂ ನಮಸ್ಕಾರ. ನಮ್ಮ ಭಾವ ಶಿರಸಿಯಲ್ಲಿ ಮದುವೆ, ಉಪನಯನಗಳಿಗೆ ಅಡುಗೆ ವಹಿಸಿಕೊಳ್ಳುತ್ತಾರೆ. ಅವರಿಗೊಂದು ವೆಬ್ ಪುಟ ಮಾಡಿಕೊಡುತ್ತಿದ್ದೇನೆ. ಹುಡುಕಿದಾಗ ಕಾಣುವ ನೀಲಿ ಸಾಲು ಮತ್ತು ಅದರ ಕೆಳಗಿನ ಎರಡು ಸಾಲು ಬರೆಯಬೇಕು. ಭಾವ ತಾವೇ ಒಂದು ಬರೆದು ಕಳಿಸಿದ್ದಾರೆ:

“ಅತ್ಯುತ್ತಮ ಮದುವೆ ಕ್ಯಾಟರಿಂಗ್ ಸೇವೆ. ಶುಚಿ ರುಚಿಯಾದ ಊಟೋಪಚಾರ. 2000 ಜನರ ಸಾಮರ್ಥ್ಯ. ಕರ್ನಾಟಕದಾದ್ಯಂತ.”

ಇದರಲ್ಲಿ ಯಾವ ಅಡುಗೆ, ಎಷ್ಟು ಜನಕ್ಕೆ, ಯಾವ್ಯಾವ ಊರಿಗೆ ಅನ್ನುವ ಮೂರೂ ಸ್ಪಷ್ಟವಾಗಿಲ್ಲ. ‘ಅತ್ಯುತ್ತಮ’ ತೆಗೆಯುವುದು ಸುಲಭ. ಆದರೆ ‘ಕ್ಯಾಟರಿಂಗ್’, ‘ಸಾಮರ್ಥ್ಯ’, ‘ಆದ್ಯಂತ’ ಈ ಮೂರಕ್ಕೆ ಬದಲು ಏನು ಹಾಕಲಿ? ಪುಸ್ತಕದ ಪದ ಬೇಡ, ಫೋನ್ ಮಾಡುವವರ ಬಾಯಲ್ಲಿರುವ ಪದ ಬೇಕು.

ಹಳೆ ಮೇಷ್ಟ್ರು

ಮೊದಲು ಒಂದು ಮಾತು. ಪುಟದಲ್ಲಿ ‘ಸಸ್ಯಾಹಾರಿ ಊಟ’ ಅಂತ ಮಾತ್ರ ಬರೆಯಬೇಡಿ. ಸಸ್ಯಾಹಾರಿ ಅಂದರೆ ತಿನ್ನುವವನು. ಊಟ ಏನನ್ನೂ ತಿನ್ನುವುದಿಲ್ಲ, ಅಲ್ವಾ? ‘ಸಸ್ಯಾಹಾರ’ ಅನ್ನಿ. ಇನ್ನು ‘ಶುದ್ಧ ಸಸ್ಯಾಹಾರ’ದಲ್ಲಿ ಶುದ್ಧವೂ ನೀವು ಬಿಡಬೇಕು ಅನ್ನುತ್ತಿರುವ ಹೊಗಳಿಕೆಯೇ. ಕ್ಯಾಟರಿಂಗ್‌ಗೆ ‘ಪಾಕಸೇವೆ’ ಅಂತ ಚೆನ್ನಾದ ಪದ ಕಟ್ಟಬಹುದು.

ಒಗ್ಗರಣೆ

ಮೇಷ್ಟ್ರೇ, ಪಾಕಸೇವೆ ಅಂತ ಯಾರೂ ಹುಡುಕುವುದಿಲ್ಲ. ಬೆಲ್ಲದ ಗಾಣದವರು ಬೇಕಾದರೆ ಫೋನ್ ಮಾಡಬಹುದು.

ನಮ್ಮ ಮನೆಯದು ಎರಡು ತಲೆಮಾರಿನ ಅಡುಗೆ ಕೆಲಸ. ನಾನು ಮಾತ್ರ ಸೌಟು ಬಿಟ್ಟು ಶಿವಮೊಗ್ಗದಲ್ಲಿ ಅಂಗಡಿಗಳಿಗೆ ವೆಬ್ ಪುಟ ಮಾಡುತ್ತೇನೆ. ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ.

‘ಅಡುಗೆ’ ಮತ್ತು ‘ಊಟ’ ಒಂದೇ ಅಂತ ತಿಳಿಯಬೇಡಿ. ಮಲೆನಾಡಿನಲ್ಲಿ ‘ಮದುವೆ ಅಡುಗೆ’ ಅಂದರೆ ಅಡುಗೆ ಭಟ್ಟರು ಬರುತ್ತಾರೆ, ಮೊದಲೇ ಸಾಮಾನಿನ ಪಟ್ಟಿ ಕೊಡುತ್ತಾರೆ, ಅಕ್ಕಿ ಬೇಳೆ ಕಾಯಿ ಎಲ್ಲ ಮನೆಯವರು ತರಬೇಕು, ಬಡಿಸುವುದು ನೆಂಟರು ಮತ್ತು ಊರವರು. ಭಟ್ಟರಿಗೆ ಕೊಡುವುದು ಕೆಲಸದ ಕೂಲಿ. ‘ಊಟದ ಕಂಟ್ರಾಕ್ಟ್’ ಅಂದರೆ ಸಾಮಾನು, ಪಾತ್ರೆ, ಬಡಿಸುವವರು, ಬಾಳೆಲೆ ಎಲ್ಲ ಅವರದ್ದೇ, ಲೆಕ್ಕ ಎಲೆಗೆ ಇಷ್ಟು ಅಂತ. ನಿಮ್ಮ ಭಾವನದು ಇದರಲ್ಲಿ ಯಾವುದು? ಅದು ಗೊತ್ತಾಗದೆ ತಲೆಬರಹ ಬರೆದರೆ ಬರುವ ಫೋನಲ್ಲಿ ಅರ್ಧ ಬೇಡದ್ದೇ ಇರುತ್ತವೆ. ಬರೀ ಅಡುಗೆಗೆ ಜನ ಹುಡುಕುವವರು ಎಲೆಗೆ ರೇಟು ಕೇಳಿ ಗಾಬರಿಯಾಗುತ್ತಾರೆ.

‘ಸಾಮರ್ಥ್ಯ’ ಛತ್ರಕ್ಕೆ ಸರಿ, ಗೋಡೆ ಇರುತ್ತದಲ್ಲ. ಅಡುಗೆಯವರಿಗೆ ‘ಒಂದು ಹೊತ್ತಿಗೆ ಇಷ್ಟು ಎಲೆ’. ಈ 2000 ಎಲ್ಲಿಂದ ಬಂತು ಅಂತ ಭಾವನನ್ನೇ ಕೇಳಿ. ನನಗೆ ಅನುಮಾನ ಇದೆ.

ಪುಣೆ ಕನ್ನಡತಿ

ನಮಸ್ಕಾರ. ಒಳ್ಳೆ ಸಮಯಕ್ಕೆ ಸಿಕ್ಕಿತು. ನನ್ನ ಮಗನ ಮದುವೆ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಲ್ಲಿ. ಸುಮಾರು 250 ಜನ. ನಮಗೆ ಅಪ್ಪೆಹುಳಿ, ಹೋಳಿಗೆ ಇರುವ ಊಟವೇ ಬೇಕು. ಕರ್ನಾಟಕದಾದ್ಯಂತ ಅಂತ ಇದೆಯಲ್ಲ, ಹಾಗಾದರೆ ಬರುತ್ತಾರೆ ತಾನೇ? ಎಲೆಗೆ ಎಷ್ಟು ಅಂತ ದಯವಿಟ್ಟು ತಿಳಿಸಿ.

ಸೊಪ್ಪಿನಬೆಟ್ಟ

ಅಕ್ಕ, ರೇಟು ಭಾವನೇ ಹೇಳಬೇಕು, ಬೇರೆಯಾಗಿ ಕೇಳಿ ತಿಳಿಸುತ್ತೇನೆ. ಆದರೆ ನಿಮ್ಮ ಪ್ರಶ್ನೆಯಿಂದ ‘ಕರ್ನಾಟಕದಾದ್ಯಂತ’ ಏನು ಮಾಡುತ್ತದೆ ಅಂತ ಗೊತ್ತಾಯಿತು. ಭಾವ ಹುಬ್ಬಳ್ಳಿಗೆ ಹೋಗುತ್ತಾರೆ, ಆದರೆ 300 ಎಲೆಗಿಂತ ಕಮ್ಮಿ ಇದ್ದರೆ ಹೋಗುವುದಿಲ್ಲ. ಹಿಂದಿನ ದಿನವೇ ಪಾತ್ರೆ, ಒಲೆ, ಜನ ಎಲ್ಲ ಲಾರಿಯಲ್ಲಿ ಹೋಗಬೇಕು, ಅಲ್ಲೇ ಉಳಿಯಬೇಕು. ಶಿರಸಿ ಊರೊಳಗೆ ಆದರೆ 100 ಎಲೆಗೂ ಒಪ್ಪುತ್ತಾರೆ.

ಒಗ್ಗರಣೆಯವರು ಹೇಳಿದಂತೆ 2000ದ ಲೆಕ್ಕ ಕೇಳಿದೆ. ಒಂದೇ ಮದುವೆಯಲ್ಲಿ ಬೆಳಗಿನ ತಿಂಡಿ 500, ಮಧ್ಯಾಹ್ನ 1000, ರಾತ್ರಿ 500. ಕೂಡಿಸಿದರೆ 2000! ಸಾಮಾನು, ಬಡಿಸುವವರು ಸೇರಿ ಪೂರ್ತಿ ಕಂಟ್ರಾಕ್ಟ್ ಅಂತಲೂ ಹೇಳಿದರು. ಬರೀ ಅಡುಗೆಗೆ ಈಗ ಹೋಗುವುದಿಲ್ಲವಂತೆ.

ಒಗ್ಗರಣೆ

ನನ್ನ ಅನುಮಾನ ಅದೇ ಆಗಿತ್ತು. ಎಲ್ಲರೂ ಹಾಗೇ ಕೂಡಿಸುತ್ತಾರೆ, ಸುಳ್ಳು ಅಂತ ಅಲ್ಲ. ಆದರೆ ಓದುವವರು 2000 ಅಂದರೆ ಮಧ್ಯಾಹ್ನದ ಊಟಕ್ಕೇ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಊಟದ ಹಾಲಲ್ಲಿ ಒಂದು ಪಂಕ್ತಿಗೆ 250 ಎಲೆ ಹಿಡಿಯುತ್ತದೆ ಅಂದುಕೊಳ್ಳಿ. ಬಡಿಸಿ, ಉಂಡು, ಎಲೆ ತೆಗೆದು, ಒರೆಸಿ ಮತ್ತೆ ಎಲೆ ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ. 1000 ಜನಕ್ಕೆ ನಾಲ್ಕು ಪಂಕ್ತಿ. ಹನ್ನೆರಡೂ ಕಾಲಿಗೆ ಶುರು ಮಾಡಿದರೆ ಕೊನೆಯ ಪಂಕ್ತಿ ಏಳುವಾಗ ಮೂರೂ ಕಾಲು. 2000 ಅಂದರೆ ಎಂಟು ಪಂಕ್ತಿ, ಸಂಜೆ ಆರೂ ಕಾಲು. ಆ ಹೊತ್ತಿಗೆ ಹುಡುಗಿ ಗಂಡನ ಮನೆ ಮುಟ್ಟಿರುತ್ತಾಳೆ.

ಹಾಗಾಗಿ ‘ಒಂದು ಹೊತ್ತಿಗೆ 100ರಿಂದ 1000 ಎಲೆ’ ಅನ್ನಿ. ಕೆಳಗಿನ ಸಂಖ್ಯೆ ಬಿಡಲೇಬೇಡಿ, ಮೇಲಿನದಕ್ಕಿಂತ ಅದೇ ಜಾಸ್ತಿ ಕೆಲಸಕ್ಕೆ ಬರುತ್ತದೆ. ಮನೆಮಟ್ಟಿಗೆ ಶಾಸ್ತ್ರ ಮಾಡುವವರು 60 ಜನಕ್ಕೆ ಬರ್ತೀರಾ ಅಂತ ಕೇಳುವ ಫೋನು ಅಲ್ಲೇ ನಿಲ್ಲುತ್ತದೆ.

ಬನಶಂಕರಿ

‘ಎಲೆ’ ಅಂತ ಹಾಕಿದರೆ ಬೆಂಗಳೂರಿನವರಿಗೆ ಅರ್ಥವಾಗುತ್ತದಾ? ನಮ್ಮಲ್ಲಿ ಪ್ಲೇಟ್ ಅನ್ನುತ್ತಾರೆ. ಬಫೆ ಆದರೆ ಎಲೆಯೇ ಇರುವುದಿಲ್ಲ. ನಮ್ಮ ತಂಗಿಯ ಮದುವೆಯಲ್ಲಿ ಕಂಟ್ರಾಕ್ಟರ್ ಎಲೆ ಎಣಿಸಿದರು, ನಾವು ಜನ ಎಣಿಸಿದೆವು, ಎರಡಕ್ಕೂ ತಾಳೆಯಾಗಲಿಲ್ಲ. ಮಕ್ಕಳಿಗೆ ಹಾಕಿದ ಎಲೆ, ಡ್ರೈವರ್‌ಗಳ ಎಲೆ, ವಾದ್ಯದವರ ಎಲೆ ಎಲ್ಲ ಬಿಲ್ಲಿಗೆ ಸೇರಿತ್ತು. ರಾತ್ರಿ ಹನ್ನೊಂದರವರೆಗೆ ಅದೇ ಜಗಳ. ನಾನಾದರೆ ‘ಜನ’ ಅಂತಲೇ ಹಾಕುತ್ತಿದ್ದೆ.

ಒಗ್ಗರಣೆ

ನೀವು ಹೇಳಿದ್ದೇ ‘ಎಲೆ’ ಹಾಕುವುದಕ್ಕೆ ಕಾರಣ. ಬಿಲ್ಲು ಎಲೆಯ ಮೇಲೆ ಬರುವುದಾದರೆ ಪುಟದಲ್ಲೂ ಎಲೆ ಅಂತಲೇ ಇರಬೇಕು. ‘ಜನ’ ಅಂತ ಬರೆದು ಎಲೆ ಎಣಿಸಿದರೆ ಜಗಳ ಗ್ಯಾರಂಟಿ. ಆದರೆ ತಲೆಬರಹ ನೋಡುವವರು ಹೊರಗಿನವರೂ ಇರುತ್ತಾರೆ, ಅದೂ ನಿಜ. ತಲೆಬರಹದಲ್ಲಿ ‘ಜನ’, ಒಳಗೆ ರೇಟಿನ ಹತ್ತಿರ ‘ಎಲೆ ಲೆಕ್ಕ’ ಅಂತ ಬಿಡಿಸಿ ಹೇಳಿದರೆ ನಡೆಯಬಹುದು. ಪೂರ್ತಿ ಒಪ್ಪಿಗೆ ನನಗೂ ಇಲ್ಲ.

ಈಗ ಊರುಗಳು. ‘ಸುತ್ತಮುತ್ತ’, ‘ಆಸುಪಾಸು’ ಬೇಡ. ತಾಲ್ಲೂಕಿನ ಹೆಸರು ಹೇಳಿ. ಅದರಲ್ಲೂ ಸಿದ್ದಾಪುರ ಬಂದರೆ ಹುಷಾರು. ಉತ್ತರ ಕನ್ನಡದಲ್ಲಿ ಒಂದು ಸಿದ್ದಾಪುರ, ಕುಂದಾಪುರದ ಕಡೆ ಇನ್ನೊಂದು, ಕೊಡಗಿನಲ್ಲಿ ಮತ್ತೊಂದು. ಎಲ್ಲಾದರೂ ಒಂದು ಕಡೆ ‘ಉತ್ತರ ಕನ್ನಡ’ ಅಂತ ಇರಲಿ. ‘ಶಿರಸಿಯಲ್ಲಿ’, ‘ಶಿರಸಿಯ’ ಅಂತ ಎಲ್ಲ ಕಡೆ ವಿಭಕ್ತಿ ಹಚ್ಚುವ ಬದಲು ಒಂದು ಸಲವಾದರೂ ಬರೀ ‘ಶಿರಸಿ’ ಇರಲಿ, ಜನ ಹಾಗೇ ಟೈಪ್ ಮಾಡುವುದು. ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲೇ `Sirsi` ಅಂತ ಹುಡುಕುತ್ತಾರೆ. ಅದನ್ನು ಪುಟದ ಒಳಗೆ ವಿಳಾಸದ ಹತ್ತಿರ ಹಾಕಿ, ಸಾಕು. ನಮ್ಮೂರನ್ನೂ 2014ರಲ್ಲಿ ಹೆಸರು ಬದಲಾದ ಮೇಲೂ `Shimoga` ಅಂತಲೇ ಹುಡುಕುವವರಿದ್ದಾರೆ.

ಕ್ಯಾಟರಿಂಗ್ ಪದ ಪೂರ್ತಿ ಬಿಡಬೇಡಿ. ಅದನ್ನೇ ಹುಡುಕುವವರು ಇದ್ದಾರೆ. ‘ಕೇಟರಿಂಗ್’ ಅನ್ನುವುದು ಉಚ್ಚಾರಣೆಗೆ ಹತ್ತಿರ, ಬೋರ್ಡುಗಳಲ್ಲಿ ನಾನು ನೋಡುವುದು ಹೆಚ್ಚಾಗಿ ‘ಕ್ಯಾಟರಿಂಗ್’. ವಿವರಣೆಯಲ್ಲಿ ಒಂದು ಸಲ ಬಂದರೆ ಸಾಕು.

ಹಳೆ ಮೇಷ್ಟ್ರು

‘ಹವ್ಯಕ ಅಡುಗೆ’ ಎನ್ನುವಿರೋ ‘ಹವ್ಯಕ ಶೈಲಿ’ ಎನ್ನುವಿರೋ? ಶೈಲಿ ಎಂದರೆ ಅನುಕರಣೆ ಎಂಬ ಧ್ವನಿ ಬರುತ್ತದೆ.

ಸೊಪ್ಪಿನಬೆಟ್ಟ

ಮೇಷ್ಟ್ರೇ, ಭಾವನ ತಂಡದಲ್ಲಿ ಬಡಿಸುವವರು, ಸಹಾಯಕರು ಎಲ್ಲ ಬೇರೆ ಬೇರೆ ಸಮುದಾಯದವರು. ಹೇಳಬೇಕಾದ್ದು ಮಾಡುವವರ ಜಾತಿ ಅಲ್ಲ, ಎಲೆಗೆ ಬೀಳುವುದು ಏನು ಅಂತ. ಅದಕ್ಕೆ ಶೈಲಿಯೇ ಸರಿ ಅನ್ನಿಸುತ್ತದೆ. ಹೊರಗಿನವರಿಗೆ ತಿಳಿಯಲಿ ಅಂತ ಎರಡು ಪದಾರ್ಥದ ಹೆಸರೂ ಹಾಕುತ್ತೇನೆ. ‘ಶುಚಿ ರುಚಿ’ ಹೇಳಿದರೆ ಯಾವ ಅಡುಗೆ ಅಂತ ಗೊತ್ತಾಗುವುದಿಲ್ಲ, ಅಪ್ಪೆಹುಳಿ ತಂಬುಳಿ ಅಂದರೆ ತಕ್ಷಣ ಗೊತ್ತಾಗುತ್ತದೆ. ‘ಶುದ್ಧ’ದ ಬದಲು ಭಾವ ನಿಜವಾಗಿ ಪಾಲಿಸುವುದನ್ನೇ ಬರೆಯುತ್ತೇನೆ: ಕೇಳಿದರೆ ಈರುಳ್ಳಿ ಬೆಳ್ಳುಳ್ಳಿ ಹಾಕದೆ ಮಾಡುತ್ತಾರೆ. ‘ಸಸ್ಯಾಹಾರಿ’ ಮಾತ್ರ ಬಿಡಲಾರೆ, ಹೋಟೆಲ್ ಬೋರ್ಡಿನಲ್ಲಿ ನೋಡಿ ನೋಡಿ ಜನಕ್ಕೆ ಅದೇ ರೂಢಿಯಾಗಿದೆ.

ಹೀಗೆ ಬರೆದಿದ್ದೇನೆ, ನೋಡಿ:

```html
<title>ಶಿರಸಿ ಮದುವೆ ಊಟ, ಹವ್ಯಕ ಶೈಲಿ, 100–1000 ಜನ</title>
<meta name="description" content="ಅಪ್ಪೆಹುಳಿ, ತಂಬುಳಿ, ಹೋಳಿಗೆ ಇರುವ ಸಸ್ಯಾಹಾರಿ ಊಟ. ಸಾಮಾನು, ಬಡಿಸುವವರು ಸೇರಿ ಪೂರ್ತಿ ಕ್ಯಾಟರಿಂಗ್. ಒಂದು ಹೊತ್ತಿಗೆ 100ರಿಂದ 1000 ಎಲೆ. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ. ಕುಮಟಾ, ಹುಬ್ಬಳ್ಳಿಗೆ ಕನಿಷ್ಠ 300 ಎಲೆ.">
```

ಒಗ್ಗರಣೆ

ತಲೆಬರಹ ಚೆನ್ನಾಗಿದೆ, ಊರು ಮೊದಲು ಬಂದದ್ದು ಸರಿ. ವಿವರಣೆ ಮೊಬೈಲಲ್ಲಿ ಕೊನೆಯವರೆಗೆ ಕಾಣುವುದು ಕಷ್ಟ. ಗೂಗಲ್ ಇಷ್ಟೇ ಅಕ್ಷರ ಅಂತ ಮಿತಿ ಇಟ್ಟಿಲ್ಲ, ಪರದೆಯ ಅಗಲಕ್ಕೆ ಹಿಡಿಸುವಷ್ಟು ತೋರಿಸಿ ಮಿಕ್ಕಿದ್ದು ಕತ್ತರಿಸುತ್ತದೆ. ಹಾಗಾಗಿ ಊರು, ಎಲೆ ಮುಂದೆ ತನ್ನಿ, ಈರುಳ್ಳಿ ಬೆಳ್ಳುಳ್ಳಿಯ ವಿಷಯ ಪುಟದ ಒಳಗಿರಲಿ. ಇನ್ನೊಂದು, ನೀವು ಬರೆದದ್ದನ್ನೇ ಅದು ತೋರಿಸುತ್ತದೆ ಅಂತ ಇಲ್ಲ, ಪುಟದ ಒಳಗಿನ ಸಾಲು ಎತ್ತಿಕೊಂಡರೂ ಎತ್ತಿಕೊಂಡಿತು. ಒಳಗೆ ‘ಕರ್ನಾಟಕದಾದ್ಯಂತ’ ಉಳಿದಿದ್ದರೆ ಅದೇ ಕಾಣಬಹುದು. ಅಲ್ಲೂ ಹುಡುಕಿ ತೆಗೆಯಿರಿ.

ಪುಣೆ ಕನ್ನಡತಿ

ನಮ್ಮದು 250 ಅಂದಿದ್ದೆನಲ್ಲ. ಬೀಗರ ಕಡೆಯವರನ್ನೂ ಸೇರಿಸಿದರೆ 320 ಆಗುತ್ತದೆ ಅಂತ ನಮ್ಮವರು ಈಗ ಹೇಳುತ್ತಿದ್ದಾರೆ. ರೇಟು ಕೇಳಿದಿರಾ?

ಸೊಪ್ಪಿನಬೆಟ್ಟ

ಕೇಳುತ್ತೇನೆ ಅಕ್ಕ. ಭಾವ ಮಾತ್ರ ‘ಶುಚಿ ರುಚಿ’ ಇಲ್ಲದೆ ಪುಟ ಬೋಳಾಗಿ ಕಾಣುತ್ತದೆ ಅಂತ ಇನ್ನೂ ಪಟ್ಟು ಹಿಡಿದಿದ್ದಾರೆ. ಲಾರಿಯ ಹಿಂದೆ ಬರೆಸಿಕೊಳ್ಳಿ ಅಂದಿದ್ದೇನೆ.