ಸಹಾಯ ಬೇಕು: ಬಾಡಿಗೆಯಲ್ಲೇ ಇರೋದಾ, ಸಾಲ ಮಾಡಿ ಮನೆ ಕೊಳ್ಳೋದಾ?

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಎರಡು ವರ್ಷ. ಇಬ್ಬರೂ ದುಡಿಯುತ್ತೇವೆ. "ಬಾಡಿಗೆ ಸುಮ್ನೆ ಹೋಗುತ್ತೆ, ಕಂತು ಕಟ್ಟಿದ್ರೆ ಮನೆ ನಮ್ಮದಾಗುತ್ತೆ" ಅಂತ ಮನೆಯವರೆಲ್ಲ ಹೇಳುತ್ತಾರೆ. ಕೂತು ಲೆಕ್ಕ ಹಾಕಿದೆವು. ಸರಿ ಇದೆಯಾ ನೋಡಿ.

ನೋಡಿರೋ ಮನೆಯ ಬೆಲೆ 10,000 ಪಾಲು ಅಂತ ಇಟ್ಟುಕೊಳ್ಳಿ. ಅಂಥದೇ ಮನೆಗೆ ತಿಂಗಳ ಬಾಡಿಗೆ 25 ಪಾಲು. ಡೌನ್ ಪೇಮೆಂಟ್ 2,000, ಉಳಿದ 8,000 ಸಾಲ. ಬಡ್ಡಿ ಶೇ. 8.5, ಅವಧಿ 20 ವರ್ಷ. ಕಂತು ಸುಮಾರು 69 ಬರುತ್ತದೆ.

ನಮಗೆ ಗಾಬರಿಯಾಗಿದ್ದು ಇಲ್ಲಿ: ಮೊದಲ ಕಂತಿನಲ್ಲಿ ಸುಮಾರು 57 ಬರೀ ಬಡ್ಡಿ. ಅಸಲಿಗೆ ಹೋಗೋದು 13ಕ್ಕೂ ಕಡಿಮೆ. ಅಂದರೆ ಬಾಡಿಗೆಗಿಂತ ಬಡ್ಡಿಯಲ್ಲೇ ಜಾಸ್ತಿ ಹೋಗುತ್ತದೆ, ಅಲ್ವಾ? ಡೌನ್ ಪೇಮೆಂಟ್ ಹಣವನ್ನು ಶೇ. 6ರ ಠೇವಣಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ 10 ಬರುತ್ತಿತ್ತು, ಅದೂ ಹೋಯಿತು. ಹಾಗಾಗಿ 67ಕ್ಕೆ ಎದುರಾಗಿ ಬಾಡಿಗೆ 25. ವ್ಯತ್ಯಾಸ ವರ್ಷಕ್ಕೆ ಸುಮಾರು 500. ಮನೆಯ ಬೆಲೆ ವರ್ಷಕ್ಕೆ ಶೇ. 5 ಏರಿದರೆ ಮಾತ್ರ ಸಮ. ನೋಂದಣಿ, ರಿಪೇರಿ, ತೆರಿಗೆ ಇನ್ನೂ ಸೇರಿಸಿಲ್ಲ.

ಆದರೆ ಬಾಡಿಗೆ ಏರುತ್ತಾ ಹೋಗುತ್ತದೆ, ಬಡ್ಡಿಯ ಪಾಲು ಇಳಿಯುತ್ತದೆ. ಐದಾರು ವರ್ಷದಲ್ಲಿ ಕೆಲಸಕ್ಕಾಗಿ ಊರು ಬದಲಾಗಬಹುದು ಅನ್ನೋದೇ ನಮ್ಮ ಚಿಂತೆ. ಅಷ್ಟರಲ್ಲಿ ಮಾರಿದವರು ಯಾರಾದರೂ ಇದ್ದೀರಾ? ನೋಂದಣಿ ಖರ್ಚು ವಾಪಸ್ ಬಂತಾ? ಡೌನ್ ಪೇಮೆಂಟ್ ಕೊಟ್ಟ ಮೇಲೆ ಕೈಯಲ್ಲಿ ಎಷ್ಟು ತಿಂಗಳ ಕಂತಿನ ಹಣ ಇಟ್ಟುಕೊಂಡಿರಿ? ದಯವಿಟ್ಟು ತಿಳಿಸಿ.